ಆರರಲ್ಲಿ ನಾಲ್ವರಿಗೆ 3 ಕೊಟ್ಟೆ, ಶೀಟ್ ವಾಪಸ್ ಬಂತು. ಎಲ್ಲಿ ತಪ್ಪಿದ್ದೇನೆ?

ನಯನಾ
ಟೀಮ್ ಲೀಡ್ ಆಗಿ ಇದು ನನ್ನ ಮೊದಲ ಅಪ್ರೈಸಲ್. ಗ್ರಾಹಕರ ದೂರು ನೋಡಿಕೊಳ್ಳುವ ಸಪೋರ್ಟ್ ಟೀಮು, ಆರು ಜನ. ಫಾರ್ಮಿನಲ್ಲಿ ನಾಲ್ಕು ವಿಷಯ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಶೀಟ್ ಕಳಿಸಿದ ಮರುದಿನವೇ ಎಚ್‌ಆರ್‌ನಿಂದ ವಾಪಸ್ ಬಂತು. "ಸೆಂಟ್ರಲ್ ಟೆಂಡೆನ್ಸಿ ಮತ್ತು ಹೇಲೋ ಕಾಣುತ್ತಿದೆ, ಮತ್ತೆ ನೋಡಿ" ಅಂತ ಒಂದೇ ಸಾಲು. ಹೆಸರು ತೆಗೆದು ಹಾಕುತ್ತಿದ್ದೇನೆ:

```
      ಗುಣಮಟ್ಟ  ಸಮಯ  ಗ್ರಾಹಕರು  ದಾಖಲೆ
ಎ        5      5       5       5
ಬಿ        3      3       3       3
ಸಿ        3      3       4       3
ಡಿ        3      3       3       3
ಇ        3      3       3       3
ಎಫ್       2      2       2       2
```

ಒಂದೊಂದು ದೂರಿಗೂ ಒಂದು ಟಿಕೆಟ್. ಗುಣಮಟ್ಟ ಅಂದರೆ ಮುಚ್ಚಿದ ಟಿಕೆಟ್ ಮತ್ತೆ ತೆರೆಯದೇ ಇರುವುದು. ಸಮಯ ಅಂದರೆ ಟಿಕೆಟ್ ಮುಗಿಸಲು ಹಿಡಿಯುವ ಹೊತ್ತು. ದಾಖಲೆ ಅಂದರೆ ಟಿಕೆಟ್‌ನಲ್ಲಿ ಏನು ಮಾಡಿದೆವು ಅಂತ ಬರೆದಿಡುವುದು. ನಾನು ಯಾರಿಗೂ ಬೇಕಂತ ಜಾಸ್ತಿ ಕಡಿಮೆ ಕೊಟ್ಟಿಲ್ಲ, ಪ್ರಾಮಾಣಿಕವಾಗಿ ಕೂತು ತುಂಬಿದ್ದು. ಎ ನಿಜಕ್ಕೂ ನಮ್ಮ ಟೀಮಿನ ಬೆನ್ನೆಲುಬು. ಇದರಲ್ಲಿ ತಪ್ಪು ಏನಿದೆ?

ಕಿರಣ್_92
ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ ಮೇಡಂ. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು. 😀

ಗಿರೀಶ
ಸಮಸ್ಯೆ ನಿಮ್ಮದಲ್ಲ, ಸ್ಕೇಲ್‌ನದು. 5 ಅಂಕದ ಸ್ಕೇಲ್‌ನಲ್ಲಿ ಮಧ್ಯ ಅಂತ ಒಂದು ಜಾಗ ಇರುತ್ತೆ, ಎಲ್ಲರೂ ಅಲ್ಲೇ ಹೋಗಿ ಕೂರುತ್ತಾರೆ. 4 ಅಂಕದ ಸ್ಕೇಲ್ ಮಾಡಿ. ಮಧ್ಯವೇ ಇಲ್ಲ ಅಂದಮೇಲೆ ಸೆಂಟ್ರಲ್ ಟೆಂಡೆನ್ಸಿ ಎಲ್ಲಿಂದ ಬರಬೇಕು? ನಮ್ಮಲ್ಲಿ ಹಾಗೇ ಮಾಡಿದೆವು, ಒಂದೇ ವರ್ಷದಲ್ಲಿ ಆ ದೂರು ಹೋಯಿತು.

ಪ್ರವೀಣ್ ಎಂ.
ಎ ಗೆ ನಾಲ್ಕೂ 5, ಎಫ್‌ಗೆ ನಾಲ್ಕೂ 2. ಇದಕ್ಕೆ ಹೇಲೋ ಅಂತ ದೊಡ್ಡ ಹೆಸರು ಯಾಕೆ? ಪಕ್ಷಪಾತ ಅಂದರೆ ಸಾಕು. ಬೇಕಾದವರಿಗೆ ಮೇಲೆ, ಬೇಡದವರಿಗೆ ಕೆಳಗೆ. ಎಲ್ಲ ಕಡೆ ನಡೆಯೋದೇ ಇದು.

ನಯನಾ
ಪ್ರವೀಣ್ ಅವರೇ, ಎಫ್ ಜೊತೆ ನನಗೆ ಯಾವ ಜಗಳವೂ ಇಲ್ಲ. ಎ ನನಗೆ ಬಂಧುವೂ ಅಲ್ಲ, ಸ್ನೇಹಿತೆಯೂ ಅಲ್ಲ. ಸುಮ್ನೆ ಹಾಗೆ ಹೇಳಬೇಡಿ.

ಶ್ರೀಧರ್ ಎಚ್.
ಪ್ರವೀಣ್, ಅಲ್ಲಿ ನೀವು ಎರಡು ಬೇರೆ ವಿಷಯ ಬೆರೆಸಿದ್ದೀರಿ. ಪಕ್ಷಪಾತ ಮಾಡುವವನಿಗೆ ತಾನು ಮಾಡುತ್ತಿರುವುದು ಗೊತ್ತಿರುತ್ತದೆ. ಹೇಲೋ ಆಗುವುದು ಗೊತ್ತಿಲ್ಲದೆ. ಅದಕ್ಕೇ ಅದು ಪ್ರಾಮಾಣಿಕರ ಶೀಟ್‌ನಲ್ಲೂ ಬರುತ್ತದೆ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ ಅಮೆರಿಕದ ಸೇನೆಯ ಅಂಕಗಳನ್ನು ನೋಡಿದ. ಮೇಲಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗೆ ಬೇರೆ ಬೇರೆ ಅಂಕ ಕೊಟ್ಟಿದ್ದರು. ಮೈಕಟ್ಟಿಗೂ ಬುದ್ಧಿಗೂ ಏನು ಸಂಬಂಧ ಹೇಳಿ? ಆದರೆ ಒಂದರಲ್ಲಿ ಮೇಲಿದ್ದವನು ಎಲ್ಲದರಲ್ಲೂ ಮೇಲಿದ್ದ. ಹೇಲೋ ಅನ್ನುವ ಹೆಸರು ಅಲ್ಲಿಂದ ಬಂತು. ಆ ಅಧಿಕಾರಿಗಳೆಲ್ಲ ಪಕ್ಷಪಾತಿಗಳು ಅಂತ ಅವನೇನೂ ಹೇಳಲಿಲ್ಲ. ಒಬ್ಬ ಮನುಷ್ಯನನ್ನು ತುಂಡು ತುಂಡಾಗಿ ನೋಡುವುದು ನಮಗೆ ಕಷ್ಟ, ಅಷ್ಟೇ.

ನಯನಾ ಅವರೇ, ನಿಮ್ಮ ಶೀಟ್ ಎರಡು ದಿಕ್ಕಿನಲ್ಲಿ ಓದಿ. ಮೊದಲು ಅಡ್ಡಸಾಲು. ಒಬ್ಬ ವ್ಯಕ್ತಿಯ ನಾಲ್ಕು ಅಂಕ ಒಂದೇ ಆಗಿದ್ದರೆ ಹೇಲೋ ಇರಬಹುದು ಅಂತ ಅನುಮಾನ. ಆಮೇಲೆ ಉದ್ದಸಾಲು. ಒಂದೇ ವಿಷಯದಲ್ಲಿ ಹೆಚ್ಚಿನವರು ಮಧ್ಯದ ಅಂಕದಲ್ಲೇ ಗುಂಪುಗೂಡಿದ್ದರೆ ಸೆಂಟ್ರಲ್ ಟೆಂಡೆನ್ಸಿ ಇರಬಹುದು ಅಂತ ಅನುಮಾನ. ಕಣ್ಣಲ್ಲಿ ನೋಡಲು ಬೇಜಾರಾದರೆ ಎಕ್ಸೆಲ್‌ನಲ್ಲಿ:

```
=STDEV.P(B2:E2)     
=STDEV.P(B2:B7)     
=COUNTIF(B2:E7,3)   
```

ಮೊದಲನೆಯದು ಒಬ್ಬರ ಸಾಲಿನ ಹರಡು, ಎರಡನೆಯದು ಒಂದು ವಿಷಯದ ಹರಡು, ಮೂರನೆಯದು ಒಟ್ಟು ಎಷ್ಟು 3 ಇವೆ ಅನ್ನೋದು. ನಿಮ್ಮ ಆರು ಸಾಲುಗಳಲ್ಲಿ ಐದರ ಹರಡು ಸೊನ್ನೆ. ಸಿ ಗೆ ಗ್ರಾಹಕರಲ್ಲಿ ಒಂದು 4 ಬಂದಿದೆ, ಅಷ್ಟೇ. ಅಂದರೆ ನೀವು ನಾಲ್ಕು ಕಾಲಂ ತುಂಬಿಲ್ಲ. ಒಂದೇ ಕಾಲಂ ನಾಲ್ಕು ಸಲ ಬರೆದಿದ್ದೀರಿ.

ನಯನಾ
ಅಯ್ಯೋ. ಇದು ಚುಚ್ಚಿತು ಸರ್, ಆದರೆ ನಿಜ. ತುಂಬುವಾಗ ಹೆಸರು ಹೆಸರಾಗಿ ಹೋದೆ. ಎ ಹೆಸರು ಬಂದ ಕೂಡಲೇ ನೆನಪಾದದ್ದು ಕಳೆದ ತಿಂಗಳ ಆ ರಾತ್ರಿ. ಇಡೀ ಸಿಸ್ಟಂ ಬಿದ್ದಿತ್ತು, ಅವಳೊಬ್ಬಳೇ ಕೂತು ಎತ್ತಿದಳು. ಟಕಟಕ ನಾಲ್ಕು 5 ಹಾಕಿದೆ. ಎಫ್ ಮೀಟಿಂಗ್‌ನಲ್ಲಿ ಬಾಯೇ ಬಿಡೋದಿಲ್ಲ. ಎರಡು ಸಲ ತಡವಾಗಿ ಬಂದಿದ್ದ.

ಮಧ್ಯದ ನಾಲ್ವರ ಕತೆ ಬೇರೆ. ನಮ್ಮ ಫಾರ್ಮಿನಲ್ಲಿ 3 ಬಿಟ್ಟು ಬೇರೆ ಏನೇ ಕೊಟ್ಟರೂ ಕೆಳಗೆ ಕಾರಣ ಬರೆಯಬೇಕು. 3 ಕೊಟ್ಟರೆ ಏನೂ ಬರೆಯಬೇಕಿಲ್ಲ. ನಿಜ ಹೇಳಬೇಕೆಂದರೆ ಸುಸ್ತಾಗಿತ್ತು.

ಸುಮಾ ಆರ್.
ನಾನು ಎಚ್‌ಆರ್‌ನಲ್ಲಿದ್ದೇನೆ, ಇಂಥ ಶೀಟ್ ವಾಪಸ್ ಕಳಿಸೋದೇ ನನ್ನ ಕೆಲಸ. ನೀವು ಕೊನೆಗೆ ಹೇಳಿದ್ದೇ ಅಸಲಿ ಕಾರಣ. ಯಾವ ಅಂಕಕ್ಕೆ ವಿವರಣೆ ಬೇಡವೋ ಆ ಅಂಕಕ್ಕೆ ಎಲ್ಲರೂ ಹೋಗುತ್ತಾರೆ. ಫಾರ್ಮ್ ಮಾಡಿದವರು 3ಕ್ಕೆ ಬಾಗಿಲು ತೆರೆದಿಟ್ಟು, ಉಳಿದ ನಾಲ್ಕಕ್ಕೆ ಬೀಗ ಹಾಕಿದ್ದಾರೆ. ಆಮೇಲೆ "ಯಾಕೆ ಎಲ್ಲರೂ ಇಲ್ಲೇ ನುಗ್ಗುತ್ತೀರಿ" ಅಂತ ಕೇಳೋದು! ನಾವು ಎರಡು ವರ್ಷ ಹೀಗೇ ಮಾಡಿ ಆಮೇಲೆ 3ಕ್ಕೂ ಒಂದು ಸಾಲು ಕಾರಣ ಕಡ್ಡಾಯ ಮಾಡಿದೆವು. 3ಗಳು ತಾವಾಗೇ ಕಡಿಮೆಯಾದವು. ಬೈಗುಳವೂ ಚೆನ್ನಾಗಿಯೇ ಸಿಕ್ಕಿತು ಅನ್ನಿ.

ಮಂಜುಳಾ
ಇಲ್ಲೊಂದು ಪ್ರಶ್ನೆ. ನನಗೆ ಸತತ ಮೂರು ವರ್ಷ ಎಲ್ಲದರಲ್ಲೂ 3. ಕೇಳಿದರೆ ನಮ್ಮ ಮ್ಯಾನೇಜರ್ "5 ದೇವರಿಗೆ, 4 ನನಗೆ, 3 ನಿಮಗೆಲ್ಲ" ಅಂತ ನಗುತ್ತಾರೆ. ಈ ವರ್ಷ ಒಬ್ಬರು ರಜೆಯಲ್ಲಿದ್ದರು, ಎರಡು ಜನರ ಕೆಲಸ ಒಬ್ಬಳೇ ಮಾಡಿದ್ದೇನೆ. ಇದು ಸೆಂಟ್ರಲ್ ಟೆಂಡೆನ್ಸಿಯಾ, ಹೇಲೋನಾ? ಯಾರ ಹತ್ತಿರ ಹೋಗಬೇಕು?

ಕಿರಣ್_92
ಅದು ಜಿಪುಣತನ ಮೇಡಂ.

ಶ್ರೀಧರ್ ಎಚ್.
ಮಂಜುಳಾ ಅವರೇ, ಅವರು ಬೇರೆಯವರಿಗೆ ಏನು ಕೊಟ್ಟಿದ್ದಾರೆ ಅಂತ ತಿಳಿಯದೆ ಹೇಳಲು ಆಗೋದಿಲ್ಲ. ಎಲ್ಲರಿಗೂ 3 ಆಗಿದ್ದರೆ ಅದು ಒಂದು. ಬಿಗಿ ಕೈ ಆಗಿದ್ದು, ಕೆಲವರಿಗೆ 2, ನಿಮಗೆ 3 ಆಗಿದ್ದರೆ ಅದು ಇನ್ನೊಂದು. ಆಗ ಅವರ 3 ಬೇರೆಯವರ 4ಕ್ಕೆ ಸಮ ಇರಬಹುದು. ನೀವು ಮಾಡಬಹುದಾದ್ದು ಇಷ್ಟು: "ನನಗೆ ಯಾಕೆ 4 ಇಲ್ಲ" ಅಂತ ಕೇಳಬೇಡಿ. ಒಂದೇ ವಿಷಯ ಹಿಡಿದು, "ಇದರಲ್ಲಿ 4 ಅಂದರೆ ಏನು ಮಾಡಿರಬೇಕಿತ್ತು" ಅಂತ ಕೇಳಿ. ಉತ್ತರ ಬಂದರೆ ಬರೆದಿಟ್ಟುಕೊಳ್ಳಿ. ಉತ್ತರ ಬರದಿದ್ದರೆ ಅವರ ಹತ್ತಿರ ಅಳತೆಗೋಲೇ ಇಲ್ಲ ಅಂತ ಅರ್ಥ.

ಮಂಜುಳಾ
ಕೇಳಿದರೆ "ಇನ್ನೂ ಚೆನ್ನಾಗಿ ಮಾಡಬೇಕು" ಅಂತಾರೆ. ಇರಲಿ, ಈ ಸಲ ಹೀಗೇ ಕೇಳಿ ನೋಡ್ತೀನಿ.

ಶ್ರೀಧರ್ ಎಚ್.
ಈಗ ಗಿರೀಶ್ ಮಾತಿಗೆ ಬರುತ್ತೇನೆ. ಅರ್ಧ ಸರಿ. ಮಧ್ಯದ ಅಂಕ ತೆಗೆದರೆ ಮಧ್ಯದಲ್ಲಿ ಕೂರುವುದು ನಿಲ್ಲುತ್ತದೆ, ಒಪ್ಪಿದೆ. ಆದರೆ ಅಲ್ಲಿ ಕೂತಿದ್ದವರು ಎಲ್ಲಿ ಹೋದರು? ನಿಮ್ಮ ಹಳೇ ಶೀಟ್ ತೆಗೆದು ನೋಡಿ. ನನ್ನ ಅನುಭವದಲ್ಲಿ 4ರ ಸ್ಕೇಲ್ ಬಂದ ವರ್ಷ ಎಲ್ಲರೂ 3ಕ್ಕೆ ಹೋಗುತ್ತಾರೆ, ಯಾಕೆಂದರೆ 2 ಕೊಟ್ಟರೆ ಎದುರು ಕೂತು ಕಾರಣ ಹೇಳಬೇಕು. ಮಧ್ಯದ ರೋಗ ಹೋಗಿ ಧಾರಾಳತನದ ರೋಗ ಬರುತ್ತದೆ. ಇನ್ನೊಂದು ಕಡೆ, ನಿಜಕ್ಕೂ ಮಧ್ಯಮ ಕೆಲಸ ಮಾಡುವವರೂ ಇರುತ್ತಾರಲ್ಲ? ಅವರನ್ನು ಎಲ್ಲಿಡುತ್ತೀರಿ?

ಗಿರೀಶ
ಈಗ ತೆಗೆದು ನೋಡಿದೆ. 3 ಜಾಸ್ತಿಯೇ ಇವೆ. ಆದರೆ ನಮ್ಮ ಟೀಮು ನಿಜಕ್ಕೂ ಚೆನ್ನಾಗಿದೆ ಅಂತಲೂ ಇರಬಹುದಲ್ವಾ?

ಶ್ರೀಧರ್ ಎಚ್.
ಇರಬಹುದು. ಅಂಕ ನೋಡಿ ಅದನ್ನು ತಿಳಿಯಲು ಆಗದು ಅನ್ನುವುದೇ ನನ್ನ ಮಾತು.

ಪ್ರವೀಣ್ ಎಂ.
ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ? ಬೆಲ್ ಕರ್ವ್ ಹಾಕಿ. ಮೇಲಿನ ಇಷ್ಟು ಜನ, ಮಧ್ಯದ ಇಷ್ಟು ಜನ, ಕೆಳಗಿನ ಇಷ್ಟು ಜನ ಅಂತ ನಿಗದಿ ಮಾಡಿಬಿಟ್ಟರೆ ಮ್ಯಾನೇಜರ್ ತಪ್ಪಿಸಿಕೊಳ್ಳುವ ಹಾಗೇ ಇಲ್ಲ.

ಸುಮಾ ಆರ್.
ಆರು ಜನರ ಟೀಮಿನಲ್ಲಿ ಬೆಲ್ ಕರ್ವ್? ಶೇಕಡ 10 ಜನ ಕೆಳಗೆ ಇರಬೇಕು ಅಂದರೆ ಆರರಲ್ಲಿ 0.6 ಮನುಷ್ಯ. ಆ ಮನುಷ್ಯನನ್ನು ಎಲ್ಲಿಂದ ತರಲಿ? ತಮಾಷೆ ಅಲ್ಲ, ಒಮ್ಮೆ ಇದಕ್ಕೇ ಒಂದು ಮಧ್ಯಾಹ್ನ ಪೂರ್ತಿ ಮೀಟಿಂಗ್ ಆಗಿದೆ. ಮೈಕ್ರೋಸಾಫ್ಟ್ ಕೂಡ 2013ರಲ್ಲಿ ಈ ಪದ್ಧತಿ ಕೈಬಿಟ್ಟಿತು.

ಇನ್ನೊಂದು ವಿಷಯ. ನಿಗದಿ ಮಾಡಿದರೆ ಉದ್ದಸಾಲು ಹರಡುತ್ತದೆ, ನಿಜ. ಅಡ್ಡಸಾಲಿನ ಹೇಲೋ ಹಾಗೇ ಉಳಿಯುತ್ತದೆ. ಎ ಮೇಲೆ, ಎಫ್ ಕೆಳಗೆ ಅಂತ ಈಗಿರುವುದೇ ಗಟ್ಟಿಯಾಗುತ್ತದೆ, ಅಷ್ಟೇ.

ಪ್ರವೀಣ್ ಎಂ.
ದೊಡ್ಡ ಸಂಸ್ಥೆಗೆ ಅಂತ ಹೇಳಿದ್ದು ನಾನು. ಅಲ್ಲಿ ಸರಿಯಾಗೇ ನಡೆಯುತ್ತೆ. ಇದರಲ್ಲಿ ನನ್ನ ಅಭಿಪ್ರಾಯ ಬದಲಾಗಲ್ಲ.

ನಯನಾ
ನನಗೆ ಸೋಮವಾರದ ತನಕ ಸಮಯ ಇದೆ. ಈಗ ನಿಜಕ್ಕೂ ಏನು ಮಾಡಲಿ? ಎ ಗೆ ಎಲ್ಲೋ ಒಂದು 4, ಎಫ್‌ಗೆ ಎಲ್ಲೋ ಒಂದು 3, ಮಧ್ಯದವರಿಗೆ ಅಲ್ಲಲ್ಲಿ 2 ಮತ್ತು 4 ಹಾಕಿ ಕಳಿಸಿದರೆ ಎಚ್‌ಆರ್‌ಗೆ ಸಮಾಧಾನ ಆಗುತ್ತೆ ಅನ್ಸುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.

ಶ್ರೀಧರ್ ಎಚ್.
ಬೇಡ. ದಯವಿಟ್ಟು ಬೇಡ. ಈಗಿನ ಶೀಟ್‌ಗಿಂತ ಅದು ಕೆಟ್ಟದ್ದು. ಈಗಿನ ಶೀಟ್‌ನಲ್ಲಿ ನಿಮ್ಮ ಒಟ್ಟಾರೆ ಅಭಿಪ್ರಾಯವಾದರೂ ಇದೆ. ಅದರಲ್ಲಿ ಅದೂ ಇರೋದಿಲ್ಲ.

ಇದು ನನ್ನ ಊಹೆಯಲ್ಲ. 1980ರಲ್ಲಿ ಬರ್ನಾರ್ಡಿನ್, ಪೆನ್ಸ್ ಎಂಬ ಇಬ್ಬರು ಅಂಕ ಕೊಡುವವರಿಗೆ ಒಂದು ತರಬೇತಿ ಕೊಟ್ಟು ನೋಡಿದರು. "ಒಬ್ಬರಿಗೆ ಎಲ್ಲ ಅಂಕ ಒಂದೇ ಕೊಡಬೇಡಿ, ಧಾರಾಳ ಮಾಡಬೇಡಿ" ಅಂತ ಹೇಳಿಕೊಡುವ ಮಾಮೂಲಿ ತರಬೇತಿ. ತರಬೇತಿ ಪಡೆದವರ ಶೀಟ್‌ನಲ್ಲಿ ಹೇಲೋ ಕಡಿಮೆಯಾಯಿತು, ಧಾರಾಳತನವೂ ಕಡಿಮೆಯಾಯಿತು. ಆದರೆ ಅಂಕಗಳು ನಿಜದಿಂದ ಇನ್ನೂ ದೂರ ಹೋದವು. ಜನ ಕಲಿತದ್ದು ಸರಿಯಾಗಿ ನೋಡುವುದನ್ನಲ್ಲ, ಶೀಟ್ ಚೆನ್ನಾಗಿ ಕಾಣುವ ಹಾಗೆ ತುಂಬುವುದನ್ನು. ನೀವು ಈಗ ಹೇಳಿದ್ದೂ ಅದನ್ನೇ.

ಹಾಗಾಗಿ ಅಂಕ ಮುಟ್ಟಬೇಡಿ, ಮೊದಲು ಕೆಲಸ ನೋಡಿ. ಮೂರು ಮಾತು ಹೇಳುತ್ತೇನೆ.

ಹೆಸರು ಹೆಸರಾಗಿ ಹೋಗಬೇಡಿ, ವಿಷಯ ವಿಷಯವಾಗಿ ಹೋಗಿ. ದಾಖಲೆ ಅಂತ ಹಿಡಿದರೆ ಆರು ಜನರ ದಾಖಲೆ ಮುಗಿಸಿ ಪುಟ ಮುಚ್ಚಿ. ಗುಣಮಟ್ಟವನ್ನು ಇನ್ನೊಂದು ದಿನ ತೆಗೆಯಿರಿ. ಒಬ್ಬರ ಬಗ್ಗೆ ಬಂದ ಭಾವನೆ ಮುಂದಿನ ಅಂಕಕ್ಕೆ ಹರಿಯದ ಹಾಗೆ ನಡುವೆ ಒಂದು ರಾತ್ರಿ ಇರಲಿ.

ಎರಡನೆಯದು, ದಾಖಲೆಗೆ ಪ್ರತಿಯೊಬ್ಬರ 10 ಟಿಕೆಟ್ ತೆಗೆಸಿ. ನೀವೇ ಆರಿಸಬೇಡಿ, ನಿಮಗೆ ನೆನಪಿರುವವೇ ಕೈಗೆ ಬರುತ್ತವೆ. ವರ್ಷ ಪೂರ್ತಿಯಿಂದ ಬರುವ ಹಾಗೆ, ಇಷ್ಟಕ್ಕೊಂದು ಅಂತ ನಂಬರ್ ಲೆಕ್ಕದಲ್ಲಿ ಬೇರೆಯವರು ತೆಗೆಯಲಿ. ಹೆಸರು ಮುಚ್ಚಲಿ. ನಿಮ್ಮ ಎ ಯ ಆ ರಾತ್ರಿ ಕಳೆದ ತಿಂಗಳದ್ದು. ಹನ್ನೊಂದು ತಿಂಗಳ ಮಾತೇನು?

ಮೂರನೆಯದು, ಅಂಕ ಕೊಡುವ ಮೊದಲು 2 ಅಂದರೆ ಏನು, 4 ಅಂದರೆ ಏನು ಅಂತ ಬರೆದುಕೊಳ್ಳಿ. "ಉತ್ತಮ", "ತೃಪ್ತಿಕರ" ಅಂತಲ್ಲ. ಕಣ್ಣಿಗೆ ಕಾಣುವ ಹಾಗೆ.

ನಯನಾ
ಮೂರನೆಯದಕ್ಕೆ ಒಂದು ಉದಾಹರಣೆ ಕೊಡ್ತೀರಾ ಸರ್?

ಸುಮಾ ಆರ್.
ನಾನು ಕೊಡ್ತೀನಿ, ನಮ್ಮಲ್ಲಿ ದಾಖಲೆಗೆ ಹೀಗಿದೆ. ಟಿಕೆಟ್ ಓದಿದ ಮುಂದಿನವರು ಮೊದಲಿನವರಿಗೆ ಫೋನ್ ಮಾಡಿ ಕೇಳಲೇಬೇಕು ಅನ್ನುವ ಹಾಗಿದ್ದರೆ 2. ಏನು ಮಾಡಿದರು ಅಂತ ತಿಳಿಯುತ್ತೆ, ಯಾಕೆ ಮಾಡಿದರು ಅಂತ ತಿಳಿಯಲ್ಲ ಅಂದರೆ 3. ಯಾರನ್ನೂ ಕೇಳದೆ ಕೆಲಸ ಮುಂದುವರಿಸಬಹುದು ಅಂದರೆ 4. ಅದೇ ದೂರು ಮತ್ತೆ ಬಂದಾಗ ಇಡೀ ಟೀಮ್ ಆ ಬರಹ ನೋಡಿಯೇ ಕೆಲಸ ಮುಗಿಸುತ್ತೆ ಅಂದರೆ 5. ಇದನ್ನು ಎಚ್‌ಆರ್‌ನಲ್ಲಿ ಕೂತು ಬರೆದದ್ದಲ್ಲ. ಟೀಮ್ ಲೀಡ್‌ಗಳನ್ನೇ ಕೂರಿಸಿ, "ನೀವು ಕಂಡ ಕೆಟ್ಟ ಟಿಕೆಟ್ ಹೇಳಿ, ಒಳ್ಳೇ ಟಿಕೆಟ್ ಹೇಳಿ" ಅಂತ ಕೇಳಿ ಅವರ ಮಾತಲ್ಲೇ ಬರೆದದ್ದು.

ಶ್ರೀಧರ್ ಎಚ್.
ಅದೇ ಸರಿಯಾದ ದಾರಿ. 1963ರಲ್ಲಿ ಸ್ಮಿತ್ ಮತ್ತು ಕೆಂಡಾಲ್ ನರ್ಸ್‌ಗಳ ಕೆಲಸಕ್ಕೆ ಇಂಥ ಸ್ಕೇಲ್ ಮಾಡಿದಾಗ ಉದಾಹರಣೆಗಳನ್ನು ಆ ಕೆಲಸ ಗೊತ್ತಿದ್ದವರಿಂದಲೇ ತೆಗೆಸಿದ್ದರು. ಆದರೆ ಒಂದು ಎಚ್ಚರಿಕೆ: ಸ್ಕೇಲ್ ಎಷ್ಟೇ ಚೆನ್ನಾಗಿದ್ದರೂ ಅಂಕ ಕೊಡುವವರು ಕೆಲಸವನ್ನು ನೋಡೇ ಇಲ್ಲದಿದ್ದರೆ ಪ್ರಯೋಜನವಿಲ್ಲ. ಫಾರ್ಮ್ ಬದಲಿಸಿದ್ದಕ್ಕೇ ಎಲ್ಲ ಸರಿಹೋಯಿತು ಅಂತ ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಕಿರಣ್_92
ಗಿರೀಶ್ ಸರ್, ನಿಮಗೇ ಹೇಳಿದ್ದು. 😀

ನಯನಾ *(ಭಾನುವಾರ ರಾತ್ರಿ)*
ಮಾಡಿದೆ! ಮೂರು ದಿನ ಹಿಡಿಯಿತು. ಪಕ್ಕದ ಟೀಮಿನವರು ಟಿಕೆಟ್ ತೆಗೆದು, ಹೆಸರು ಮುಚ್ಚಿ ಕೊಟ್ಟರು. ಸುಮಾ ಅವರ ಸ್ಕೇಲ್ ಹೆಚ್ಚು ಕಡಿಮೆ ಹಾಗೇ ತಗೊಂಡೆ.

ಮೊದಲ ದಿನ ದಾಖಲೆ. ಒಂದು ಕಂತೆ ಓದುವಾಗ ಸಿಟ್ಟೇ ಬಂತು. 10ರಲ್ಲಿ 7 ಟಿಕೆಟ್‌ಗಳಲ್ಲಿ ಬರೀ "ಸರಿಪಡಿಸಲಾಗಿದೆ" ಅಂತಿದೆ, ಬೇರೆ ಒಂದಕ್ಷರ ಇಲ್ಲ. 2 ಹಾಕಿದೆ. ಇನ್ನೊಂದು ಕಂತೆ ಅಚ್ಚುಕಟ್ಟು. 10ರಲ್ಲಿ 9 ಟಿಕೆಟ್ ಓದಿಕೊಂಡು ಯಾರು ಬೇಕಾದರೂ ಕೆಲಸ ಮುಂದುವರಿಸಬಹುದು. 4 ಹಾಕಿದೆ. ಆಮೇಲೆ ಹೆಸರು ತೆರೆದರೆ 2 ಸಿಕ್ಕಿದ್ದು ಎ ಗೆ, 4 ಸಿಕ್ಕಿದ್ದು ಎಫ್‌ಗೆ. ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಗುಣಮಟ್ಟಕ್ಕೆ ಮತ್ತೆ ತೆರೆದ ಟಿಕೆಟ್ ಎಣಿಸಿದೆ. ಟೀಮಿನ ಸರಾಸರಿ 100ಕ್ಕೆ 9. ಎ ದು 4, ಎಫ್‌ದು 6. ಎಫ್ ನನ್ನ ತಲೆಯಲ್ಲಿ ಕೊನೆಯಲ್ಲಿದ್ದ, ಇಲ್ಲಿ ಮುಂಚೂಣಿಯಲ್ಲಿದ್ದಾನೆ. ಸಮಯದಲ್ಲಿ ಮಾತ್ರ ಎಫ್ ನಿಜಕ್ಕೂ ಹಿಂದೆ. ಅಲ್ಲಿ 2 ಹಾಗೇ ಉಳಿಯಿತು.

```
      ಗುಣಮಟ್ಟ  ಸಮಯ  ಗ್ರಾಹಕರು  ದಾಖಲೆ
ಎ        5      4       5       2
ಬಿ        3      4       3       3
ಸಿ        3      3       4       3
ಡಿ        4      3       2       3
ಇ        3      3       3       3
ಎಫ್       4      2       3       4
```

ಶ್ರೀಧರ್ ಎಚ್.
ಚೆನ್ನಾಗಿ ಮಾಡಿದ್ದೀರಿ. ಈಗ ಒಂದು ತಮಾಷೆ ನೋಡಿ. ಮೊದಲ ಶೀಟ್‌ನಲ್ಲಿ 24 ಅಂಕಗಳಲ್ಲಿ 15 ಮೂರುಗಳಿದ್ದವು. ಈಗ ಎಷ್ಟಿವೆ ಎಣಿಸಿ.

ನಯನಾ
13! ಬರೀ ಎರಡು ಕಡಿಮೆ?!

ಶ್ರೀಧರ್ ಎಚ್.
ಹೌದು. ಅದಕ್ಕೇ 3ಗಳನ್ನು ಎಣಿಸಿ "ಸೆಂಟ್ರಲ್ ಟೆಂಡೆನ್ಸಿ" ಅಂತ ಶೀಟ್ ವಾಪಸ್ ಕಳಿಸುವುದು ನನಗೆ ಹಿಡಿಸುವುದಿಲ್ಲ. ಸುಮಾ ಅವರು ಬೇಜಾರು ಮಾಡಿಕೊಳ್ಳಬಾರದು. ಇ ಯ ಸಾಲು ನೋಡಿ. ಮೊದಲೂ ನಾಲ್ಕು 3, ಈಗಲೂ ನಾಲ್ಕು 3. ಮೊದಲಿನದು ಸುಸ್ತಿನ 3. ಈಗಿನದು ನೋಡಿ ಕೊಟ್ಟ 3. ಶೀಟ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಬದಲಾದದ್ದು ಅಡ್ಡಸಾಲುಗಳು. ಎ ಸಾಲಿನ ಹರಡು ಸೊನ್ನೆಯಿಂದ 1.22ಕ್ಕೆ, ಎಫ್ ಸಾಲಿನದು 0.83ಕ್ಕೆ ಬಂದಿದೆ. ಅಂದರೆ ನಿಮ್ಮ ದೊಡ್ಡ ತೊಂದರೆ ಮಧ್ಯದ ನಾಲ್ವರದಾಗಿರಲಿಲ್ಲ. ಮೇಲಿನ ಒಬ್ಬರು, ಕೆಳಗಿನ ಒಬ್ಬರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಎಫ್‌ಗೆ ಆದದ್ದು ಅದೇ. ತಡವಾಗಿ ಬಂದ ಎರಡು ದಿನ ಉಳಿದ ಮೂರು ಅಂಕಗಳಿಗೂ ಬಣ್ಣ ಹಚ್ಚಿತು.

ಸುಮಾ ಆರ್.
ಬೇಜಾರಿಲ್ಲ ಸರ್. ಆದರೆ ನನ್ನ ಕಡೆಯಿಂದಲೂ ನೋಡಿ. ನನ್ನ ಮುಂದೆ ನೂರಾರು ಶೀಟ್ ಬರುತ್ತವೆ. ಸುಸ್ತಿನ 3 ಯಾವುದು, ನೋಡಿದ 3 ಯಾವುದು ಅಂತ ನನಗೆ ಹೇಗೆ ತಿಳಿಯಬೇಕು? ಎಣಿಸದೆ ಬೇರೆ ದಾರಿ ಏನಿದೆ? ನಾನು ಇನ್ನೊಂದು ಗುರುತು ಇಟ್ಟುಕೊಂಡಿದ್ದೇನೆ: ಕಾರಣದ ಸಾಲಿನಲ್ಲಿ ತಾರೀಖು, ಟಿಕೆಟ್ ನಂಬರ್, ಒಂದು ಘಟನೆ ಇದ್ದರೆ ಬಿಡುತ್ತೇನೆ. "ಒಳ್ಳೆಯ ಕೆಲಸಗಾರ" ಅಂತ ಮಾತ್ರ ಇದ್ದರೆ ವಾಪಸ್.

ಶ್ರೀಧರ್ ಎಚ್.
ಆ ಗುರುತು ಒಳ್ಳೆಯದು. ಎಣಿಕೆಗಿಂತ ನೂರು ಪಾಲು ವಾಸಿ.

ಗಿರೀಶ
ಒಂದು ಅನುಮಾನ. ಎಫ್‌ಗೆ ಸಮಯದಲ್ಲಿ 2. ಆದರೆ ದಾಖಲೆ ಚೆನ್ನಾಗಿ ಬರೆಯುತ್ತಾನೆ, ಟಿಕೆಟ್ ಮತ್ತೆ ತೆರೆಯುವುದೂ ಕಡಿಮೆ. ಅದಕ್ಕೇ ಸಮಯ ಹೋಗುತ್ತಿರಬಹುದಲ್ಲ? ಅಥವಾ ಕಷ್ಟದ ಟಿಕೆಟ್‌ಗಳೇ ಅವನ ಪಾಲಿಗೆ ಬರುತ್ತಿವೆಯೋ? ಟಿಕೆಟ್ ಹಂಚೋದು ಯಾರು?

ನಯನಾ
ಹಂಚೋದು ನಾನೇ. ಹಳೇ ಸಿಸ್ಟಂನ ದೂರುಗಳನ್ನು ಅವನಿಗೇ ಕೊಡುತ್ತೇನೆ, ಬೇರೆಯವರಿಗೆ ಅದು ಗೊತ್ತಿಲ್ಲ. ಅಯ್ಯೋ, ಇದು ಹೊಳೆದೇ ಇರಲಿಲ್ಲ.

ಶ್ರೀಧರ್ ಎಚ್.
ಗಿರೀಶ್, ಇಡೀ ಚರ್ಚೆಯಲ್ಲಿ ಇದೇ ಒಳ್ಳೆಯ ಪ್ರಶ್ನೆ. ಹಳೇ ಸಿಸ್ಟಂನ ಟಿಕೆಟ್ ಬೇರೆ ಮಾಡಿ, ಉಳಿದವುಗಳಲ್ಲಿ ಮಾತ್ರ ಎಫ್‌ನ ಸಮಯ ನೋಡಿ. ಅಲ್ಲಿ ಉಳಿದವರ ಸಮಕ್ಕೆ ಇದ್ದರೆ ಆ 2 ಅವನದಲ್ಲ, ನಿಮ್ಮ ಹಂಚಿಕೆಯದು. ಅಂಕಿ ಸಂಖ್ಯೆ ಇದ್ದ ಮಾತ್ರಕ್ಕೆ ಪೂರ್ವಗ್ರಹ ಇಲ್ಲ ಅಂತ ಅಲ್ಲ, ಅದು ಅಂಕಿ ಹುಟ್ಟುವ ಮೊದಲೇ ಒಳಗೆ ಹೋಗಿರಬಹುದು.

ಪ್ರವೀಣ್ ಎಂ.
ಹಾಗಾದರೆ ಎ ದೂ ಅನುಮಾನವೇ ಅಲ್ವಾ? ಸುಲಭದ ಟಿಕೆಟ್ ಅವಳಿಗೆ ಹೋಗುತ್ತಿದ್ದರೆ?

ನಯನಾ
ಇಲ್ಲ, ದೊಡ್ಡ ಗ್ರಾಹಕರದು ಎಲ್ಲ ಅವಳಿಗೇ ಹೋಗೋದು. ಅವೇನೂ ಸುಲಭದ್ದಲ್ಲ. ಆದರೆ ಆ ಗ್ರಾಹಕರ ಹೊಗಳಿಕೆ ಮೇಲ್‌ಗಳು ಮಾತ್ರ ನನ್ನ ತನಕ ಬರುತ್ತವೆ. ಚಿಕ್ಕ ಗ್ರಾಹಕರು ಮೇಲ್ ಬರೆಯಲ್ಲ. ಹಾಗಾಗಿ ಗ್ರಾಹಕರ ಕಾಲಂನ 5 ಬಗ್ಗೆ ಈಗ ನನಗೇ ಖಾತ್ರಿ ಇಲ್ಲ.

ಶ್ರೀಧರ್ ಎಚ್.
ಆ ಕಾಲಂಗೆ ನೀವು ಏನು ನೋಡಿ ಅಂಕ ಕೊಟ್ಟಿರಿ?

ನಯನಾ
ಮೇಲ್‌ಗಳನ್ನೇ. ಉಳಿದವರದು ನನ್ನ ಅಂದಾಜು.

ಶ್ರೀಧರ್ ಎಚ್.
ಹಾಗಿದ್ದರೆ ಕಾರಣದ ಸಾಲಿನಲ್ಲಿ ಅದನ್ನೇ ಬರೆಯಿರಿ. ಈ ವರ್ಷಕ್ಕೆ ಬೇರೆ ದಾರಿ ಇಲ್ಲ. ಮುಂದಿನ ವರ್ಷಕ್ಕೆ ಇಂದಿನಿಂದಲೇ ತಿಂಗಳಿಗೊಮ್ಮೆ ಪ್ರತಿಯೊಬ್ಬರ ಎರಡು ಕರೆ ಕೇಳಿ, ಒಂದು ಸಾಲು ಬರೆದಿಡಿ. ಒಳ್ಳೆಯದನ್ನೂ, ಕೆಟ್ಟದ್ದನ್ನೂ. ಆರು ಜನಕ್ಕೆ ತಿಂಗಳಿಗೆ 12 ಸಾಲು. ಹೆಚ್ಚೇನಲ್ಲ.

ಮಂಜುಳಾ
ನನ್ನ ಮ್ಯಾನೇಜರ್‌ಗೆ ಈ ಚರ್ಚೆ ಕಳಿಸಬೇಕು ಅನ್ನಿಸುತ್ತಿದೆ, ಧೈರ್ಯ ಇಲ್ಲ. ಆದರೆ ಒಂದು ಪ್ರಶ್ನೆ. ಎ ಸರಾಸರಿ 5ರಿಂದ 4ಕ್ಕೆ ಇಳಿಯಿತು. ಎಫ್ 2ರಿಂದ 3.25ಕ್ಕೆ ಹತ್ತಿದ. ಈಗ ಬಿ, ಸಿ, ಎಫ್ ಮೂವರದೂ 3.25. ರಾತ್ರಿ ಎಲ್ಲಾ ಕೂತು ಸಿಸ್ಟಂ ಎತ್ತಿದವಳಿಗೆ ದಾಖಲೆ ಬರೆದಿಲ್ಲ ಅಂತಲೇ ಮುಕ್ಕಾಲು ಅಂಕ ಕಡಿಮೆ. ನಾನು ಅವಳಾಗಿದ್ದರೆ ಕೆಲಸ ಬಿಡುತ್ತಿದ್ದೆ.

ಸುಮಾ ಆರ್.
ದಾಖಲೆಗೂ ಗುಣಮಟ್ಟಕ್ಕೂ ಒಂದೇ ತೂಕ ಇರೋದರಿಂದ ಹಾಗಾಯಿತು. ತೂಕ ಬೇರೆ ಇಡಬೇಕಿತ್ತು.

ಶ್ರೀಧರ್ ಎಚ್.
ಇಡಬೇಕಿತ್ತು, ವರ್ಷದ ಮೊದಲೇ. ಈಗ ಅಂಕ ಬಂದಮೇಲೆ ತೂಕ ಬದಲಿಸಿದರೆ ಎ ಯನ್ನು ಮೇಲೆ ತರಲು ತೂಕ ಹುಡುಕಿದ ಹಾಗೆ. ಅದೂ ಹೇಲೋನೇ, ಹಿಂಬಾಗಿಲಿನಿಂದ.

ಮಂಜುಳಾ
ನಿಮ್ಮ ಲೆಕ್ಕ ಸರಿ ಇರಬಹುದು ಸರ್. ನನಗೆ ನ್ಯಾಯ ಅನ್ನಿಸುತ್ತಿಲ್ಲ.

ಪ್ರವೀಣ್ ಎಂ.
ಮೊದಲ ಸಲ ಮಂಜುಳಾ ಅವರ ಮಾತು ಒಪ್ಪುತ್ತೇನೆ.

ಶ್ರೀಧರ್ ಎಚ್.
ಆ ರಾತ್ರಿಯ ಕೆಲಸಕ್ಕೆ ಬೇರೆ ಬಹುಮಾನ ಕೊಡಲಿ, ಧಾರಾಳವಾಗಿ ಕೊಡಲಿ. ಅದನ್ನು ದಾಖಲೆಯ ಕಾಲಂನಲ್ಲಿ ಕೊಡುವುದು ಬೇಡ ಅನ್ನುವುದಷ್ಟೇ ನನ್ನ ಮಾತು. 5 ಕೊಟ್ಟರೆ ಅವಳಿಗೆ ತಾನು ಬರೆಯುತ್ತಿಲ್ಲ ಅನ್ನುವುದು ಎಂದೂ ತಿಳಿಯುವುದಿಲ್ಲ. ಅವಳು ರಜೆ ಹೋದ ದಿನ ಆ 7 ಟಿಕೆಟ್ ಯಾರ ಮೇಲೆ ಬೀಳುತ್ತವೆ ನೋಡಿ.

ನಯನಾ
ಹಳೇ ಸಿಸ್ಟಂ ಟಿಕೆಟ್ ಬೇರೆ ಮಾಡಿ ಈಗಷ್ಟೇ ನೋಡಿದೆ. ಉಳಿದವುಗಳಲ್ಲಿ ಎಫ್ ಸಮಯ ಟೀಮಿನ ಸರಾಸರಿಯೇ ಇದೆ. 2 ತೆಗೆದು 3 ಮಾಡಿ, ಕಾರಣದ ಸಾಲಿನಲ್ಲಿ ಹಂಚಿಕೆಯ ವಿಷಯ ಬರೆದೆ. ಅಂದರೆ 3ಗಳು ಈಗ 14. 😀 ಎ ಯ 2 ಹಾಗೇ ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಶೀಟ್ ಕಳಿಸಿ, ಮಧ್ಯಾಹ್ನ ಅವಳ ಜೊತೆ ಕೂರಬೇಕು. ಆ ಏಳು ಟಿಕೆಟ್ ಪ್ರಿಂಟ್ ತಗೊಂಡಿದ್ದೇನೆ.

ಕಿರಣ್_92
14 ಅಂದ್ರೆ ಮತ್ತೆ ವಾಪಸ್ ಬರುತ್ತೆ ನೋಡಿ.